ಪ್ರೀ-ಪೋಸ್ಟ್ ಸ್ಟಡಿ: ಚೇಂಜ್ ಸ್ಕೋರ್ ಕೊಟ್ಟವರು, ಆನ್ಕೋವಾ ಮಾಡಿದವರು ನಿಮ್ಮ ಅನುಭವ ಹೇಳಿ

ಥೀಸಿಸ್ ಕೊನೇ ವರ್ಷ (ಪ್ರಶ್ನೆ): ಸೊಂಟನೋವಿಗೆ ವ್ಯಾಯಾಮ. ಎರಡು ಗುಂಪು, ರ‍್ಯಾಂಡಮ್ ಆಗಿ ಹಂಚಿದ್ದು, ತಲಾ 40 ಜನ. ನೋವಿನ ಸ್ಕೋರ್ 0ಯಿಂದ 100. ವ್ಯಾಯಾಮದವರು 62ರಿಂದ 44ಕ್ಕೆ ಇಳಿದರು, ಕಂಟ್ರೋಲ್ 56ರಿಂದ 48ಕ್ಕೆ. ಬರೀ ಇಳಿಕೆ ಹೋಲಿಸಿದರೆ 10 ಅಂಕದ ವ್ಯತ್ಯಾಸ, ಪಿ 0.03. ಬೇಸ್‌ಲೈನ್ ಸೇರಿಸಿ ಆನ್ಕೋವಾ ಮಾಡಿದರೆ 7 ಅಂಕ, ಪಿ 0.08. ಗೈಡ್ ಮೊದಲನೆಯದನ್ನೇ ಹಾಕು ಅನ್ನುತ್ತಾರೆ. ಪ್ರೊಟೋಕಾಲ್‌ನಲ್ಲಿ "ನೋವಿನಲ್ಲಿ ಬದಲಾವಣೆ" ಅಂತಷ್ಟೇ ಇದೆ. ಯಾವುದು ಕೊಡಲಿ?

ನಾಲ್ಕನೇ ಕರಡು: ಅಯ್ಯೋ, ಈ ಪ್ರಶ್ನೆ ನೋಡಿಯೇ ಹೊಟ್ಟೆ ಕಿವುಚಿತು. ನಾನು ಚೇಂಜ್ ಸ್ಕೋರ್ ಕೊಟ್ಟವಳು. ನನ್ನದು ನಿದ್ದೆಯ ಸ್ಟಡಿ, ರಾತ್ರಿ ಎಷ್ಟು ನಿಮಿಷ ಮಲಗಿದರು ಅಂತ ಡೈರಿಯಲ್ಲಿ ಬರೆಸಿದ್ದು. ಪೇಪರ್ ಕಳಿಸಿ ಐದು ತಿಂಗಳಿಗೆ ಮೊದಲ ಉತ್ತರ ಬಂತು. ಎರಡನೇ ರಿವ್ಯೂವರ್ ಒಂದೇ ಸಾಲು ಬರೆದಿದ್ದರು: "ಮೊದಲ ಮತ್ತು ಕೊನೆಯ ಅಳತೆಯ ನಡುವೆ ಕೋರಿಲೇಶನ್ ಎಷ್ಟು?" ನಾನು ಅದನ್ನು ಲೆಕ್ಕ ಹಾಕಿಯೇ ಇರಲಿಲ್ಲ. ಹಾಕಿದೆ. 0.3.

ಆಮೇಲೆ ಕೂತು ನೋಡಿದರೆ ಎದೆ ಧಸಕ್ ಅಂತು. ಕೊನೆಯ ಅಳತೆಯ ಎಸ್‌ಡಿ 70 ನಿಮಿಷ ಇತ್ತು. ಮೊದಲಿನದನ್ನು ಕಳೆದ ಮೇಲೆ ಅದೇ ಎಸ್‌ಡಿ 83 ನಿಮಿಷ! ಕಳೆದರೆ ಗದ್ದಲ ತಗ್ಗುತ್ತದೆ ಅಂದುಕೊಂಡಿದ್ದೆ, ಜಾಸ್ತಿ ಆಗಿತ್ತು. ಒಂದು ರಾತ್ರಿಯ ಏರುಪೇರಿನ ಜೊತೆಗೆ ಇನ್ನೊಂದು ರಾತ್ರಿಯ ಏರುಪೇರನ್ನೂ ಸೇರಿಸಿದ್ದೆ ಅಷ್ಟೇ. ಆನ್ಕೋವಾದಲ್ಲಿ ಅದು 67ಕ್ಕೆ ಇಳಿಯಿತು. ಆರು ಟೇಬಲ್, ಎರಡು ಚಿತ್ರ, ಅಬ್‌ಸ್ಟ್ರಾಕ್ಟ್, ಎಲ್ಲಾ ಮತ್ತೆ ಬರೆದೆ. ಎರಡನೇ ಸುತ್ತು ನಾಲ್ಕು ತಿಂಗಳು. ಮೂರನೇ ಸುತ್ತು ಎರಡು ತಿಂಗಳು, ಅದೂ ಒಂದು ಟೇಬಲ್‌ನಲ್ಲಿ ಹಳೇ ಅಂಕಿ ಉಳಿದುಹೋಗಿತ್ತು ಅಂತ. ಒಟ್ಟು ಹನ್ನೊಂದು ತಿಂಗಳು ನನ್ನ ಆಯುಷ್ಯದಿಂದ ಕಳೆದದ್ದು. ಆ ಕಳೆಯುವಿಕೆಗೆ ಯಾವ ಕೋರಿಲೇಶನ್ನೂ ಬೇಕಿಲ್ಲ.

ಸಂಜೆ ಓಪಿಡಿ: ನಾನೂ ಪ್ರೀ-ಪೋಸ್ಟ್‌ನಲ್ಲಿ ಕೈ ಸುಟ್ಟುಕೊಂಡವನು. ಬಿಪಿ ಸ್ಟಡಿ, ಒಂದೇ ಗುಂಪು. ಮೇಲಿನ ಬಿಪಿ 150 ದಾಟಿದವರನ್ನು ಮಾತ್ರ ಆರಿಸಿಕೊಂಡೆವು. ಆರಿಸಿದ ದಿನ ಸರಾಸರಿ 162, ಎಂಟು ವಾರಕ್ಕೆ 149. ಹದಿಮೂರು ಇಳಿಯಿತು ಅಂತ ಪೋಸ್ಟರ್ ಕೂಡ ಮಾಡಿಸಿದ್ದೆವು. ಆಮೇಲೆ ನಮ್ಮ ನರ್ಸ್ ಒಬ್ಬರು ಇನ್ನೊಂದು ಕಾಲಂ ತೋರಿಸಿದರು. ತರಬೇತಿ ಶುರುವಾದ ಬೆಳಗ್ಗೆ ಅವರು ಮತ್ತೊಮ್ಮೆ ಬಿಪಿ ನೋಡಿದ್ದರು. ಸರಾಸರಿ 154! ಅಂದರೆ ಹದಿಮೂರರಲ್ಲಿ ಎಂಟು, ನಾವು ಏನೂ ಮಾಡುವ ಮೊದಲೇ ಇಳಿದಿತ್ತು. ಬಿಪಿ ಏರಿದ ದಿನವೇ ಹಿಡಿದು ತಂದರೆ ಮರುದಿನ ಇಳಿಯದೇ ಇರುತ್ತದಾ? ನನ್ನ ಸಲಹೆ ಇಷ್ಟೇ: ಎರಡು ಸಲ ಬೇಸ್‌ಲೈನ್ ತಗೊಳ್ಳಿ. ಶೇಕಡಾ ಲೆಕ್ಕದಲ್ಲಿ ಕೊಡಿ, ಓದುವವರಿಗೆ ಸುಲಭ.

ಅಂಕಿ ಹುಳು: ಡಾಕ್ಟ್ರೇ, ಅವರದು ಎರಡು ಗುಂಪು, ಕಂಟ್ರೋಲ್ ಇದೆ. ಆ ಇಳಿತ ಇಬ್ಬರಿಗೂ ಇರುತ್ತದೆ. ಶೇಕಡಾ ಮಾತ್ರ ದಯವಿಟ್ಟು ಬೇಡ. 20ರಿಂದ 10ಕ್ಕೆ ಇಳಿದವನೂ 80ರಿಂದ 40ಕ್ಕೆ ಇಳಿದವನೂ ಒಂದೇ ಆಗಿಬಿಡುತ್ತಾರೆ. ಬೇಸ್‌ಲೈನ್ 3 ಇದ್ದವನಿಗೆ 9 ಆದರೆ ಶೇ. 200 ಏರಿಕೆ, ಅವನೊಬ್ಬನೇ ಸರಾಸರಿ ಎಳೆದುಕೊಂಡು ಹೋಗುತ್ತಾನೆ.

ಸಂಜೆ ಓಪಿಡಿ: ರೋಗಿಗೆ "ನಿಮ್ಮ ನೋವು ಅರ್ಧ ಆಯಿತು" ಅಂದರೆ ಅರ್ಥ ಆಗುತ್ತದೆ. ನಿಮ್ಮ ಆನ್ಕೋವಾ ಅರ್ಥ ಆಗುವುದಿಲ್ಲ.

ಹಳೇ ಕೈ: ಹನ್ನೆರಡು ವರ್ಷದಿಂದ ಚೇಂಜ್ ಸ್ಕೋರೇ ಕೊಡುತ್ತಾ ಬಂದಿದ್ದೇನೆ, ಒಂಬತ್ತು ಪೇಪರ್, ಒಬ್ಬರೂ ತಕರಾರು ಎತ್ತಿಲ್ಲ. ಚೇಂಜ್ ಅಂದರೇನೇ ಬೇಸ್‌ಲೈನ್ ಕಳೆದದ್ದು. ಕಳೆದ ಮೇಲೆ ಮತ್ತೆ ಅದನ್ನೇ ಮಾಡೆಲ್‌ಗೆ ತುರುಕುವುದು ಯಾಕೆ? ಎರಡು ಸಲ ಕಳೆದ ಹಾಗೆ. ಅದೂ ಅಲ್ಲದೆ ಬೇಸ್‌ಲೈನ್‌ನಲ್ಲಿ ವ್ಯತ್ಯಾಸ ಇದೆಯಾ ಅಂತ ಮೊದಲು ಟಿ ಟೆಸ್ಟ್ ಮಾಡಿ. ಪಿ 0.05ಕ್ಕಿಂತ ಮೇಲಿದ್ದರೆ ಸುಮ್ನೆ ಬಿಡಿ. ಅಡ್ಜಸ್ಟ್ ಮಾಡುವ ಪ್ರಶ್ನೆಯೇ ಬರುವುದಿಲ್ಲ.

ಥೀಸಿಸ್ ಕೊನೇ ವರ್ಷ: ಸಾರ್, ಬೇಸ್‌ಲೈನ್ ಟಿ ಟೆಸ್ಟ್ ಮಾಡಿದ್ದೆ. ಪಿ 0.18.

ಹಳೇ ಕೈ: ಆಯಿತಲ್ಲ. 10 ಅಂಕ ಹಾಕಿ, ಮುಂದೆ ನಡೆಯಿರಿ.

ಅಂಕಿ ಹುಳು: ನಿಲ್ಲಿ ನಿಲ್ಲಿ. ರ‍್ಯಾಂಡಮ್ ಆಗಿ ಹಂಚಿದ ಮೇಲೆ ಬೇಸ್‌ಲೈನ್ ವ್ಯತ್ಯಾಸ ಆಕಸ್ಮಿಕ ಅನ್ನುವುದು ಮೊದಲೇ ಗೊತ್ತು. ಆ ಟೆಸ್ಟ್ ಏನು ಹೇಳಬೇಕು? ಪಿ ಎಷ್ಟೇ ಇರಲಿ, 6 ಅಂಕ ಅಲ್ಲಿ ಕೂತಿದೆ.

ಅವರು ಕೊಟ್ಟ ಅಂಕಿಗಳಲ್ಲೇ ಉತ್ತರ ಇದೆ ನೋಡಿ. ಕೊನೆಯ ಅಳತೆ ಮಾತ್ರ ಹೋಲಿಸಿದರೆ 44 ಮತ್ತು 48, ವ್ಯತ್ಯಾಸ 4. ಚೇಂಜ್‌ನಲ್ಲಿ 10. ಆನ್ಕೋವಾದಲ್ಲಿ 7. ಮೂರೂ ಒಂದೇ ಸೂತ್ರ: ಕೊನೆಯ 4ಕ್ಕೆ ಬೇಸ್‌ಲೈನ್‌ನ 6ರಲ್ಲಿ ಎಷ್ಟು ಪಾಲು ಸೇರಿಸುತ್ತೀರಿ ಅನ್ನುವುದಷ್ಟೇ. ಏನೂ ಸೇರಿಸದಿದ್ದರೆ 4. ಪೂರ್ತಿ 6 ಸೇರಿಸಿದರೆ 10. ಆನ್ಕೋವಾ ಡೇಟಾವನ್ನೇ ಕೇಳಿ ಅರ್ಧ ಸೇರಿಸಿದೆ, ಅಂದರೆ ಅವರ ಸ್ಲೋಪ್ 0.5. ಶುರುವಿನಲ್ಲಿ 6 ಅಂಕ ಜಾಸ್ತಿ ನೋವಿದ್ದವರು ಕೊನೆಯಲ್ಲಿ 3 ಅಂಕ ಮಾತ್ರ ಜಾಸ್ತಿ ಇರುತ್ತಾರೆ ಅಂತ ಅವರ ರೋಗಿಗಳೇ ಹೇಳುತ್ತಿದ್ದಾರೆ. ಚೇಂಜ್ ಸ್ಕೋರ್ ಮಾತ್ರ ಸ್ಲೋಪ್ 1 ಅಂತ ಹಟ ಹಿಡಿದು ಕೂತಿದೆ. ಆ ಹತ್ತರಲ್ಲಿ ಮೂರು ಅಂಕ ವ್ಯಾಯಾಮದ್ದಲ್ಲ, ಹಂಚಿಕೆಯ ಅದೃಷ್ಟದ್ದು.

"ಎರಡು ಸಲ ಕಳೆದ ಹಾಗೆ" ಅನ್ನುವುದಕ್ಕೆ ಇದನ್ನು ಓಡಿಸಿ ನೋಡಿ:

```
lm(post ~ group + pre)
lm(I(post - pre) ~ group + pre)
```

ಎರಡರಲ್ಲೂ `group` ಸಾಲಿನಲ್ಲಿ ಅದೇ -7 ಬರುತ್ತದೆ, ಅದೇ ಪಿ. `pre` ಸಾಲು ಮಾತ್ರ 0.5 ಇದ್ದದ್ದು -0.5 ಆಗುತ್ತದೆ. ಹಾಗಾಗಿ ಪ್ರೊಟೋಕಾಲ್‌ನಲ್ಲಿ "ಬದಲಾವಣೆ" ಅಂತ ಇದ್ದರೂ ಆನ್ಕೋವಾಗೆ ಅಡ್ಡಿ ಇಲ್ಲ. 2001ರಲ್ಲೇ ವಿಕರ್ಸ್ ಮತ್ತು ಆಲ್ಟ್‌ಮನ್ ಬಿಎಂಜೆಯಲ್ಲಿ ಇದನ್ನು ಎರಡೇ ಪುಟದಲ್ಲಿ ಬರೆದು ಮುಗಿಸಿದ್ದಾರೆ.

ಹಳೇ ಕೈ: ಒಂಬತ್ತು ಪೇಪರ್ ಬರೆದವನಿಗೆ ಕೋಡ್ ಓಡಿಸಿ ನೋಡಿ ಅನ್ನುತ್ತೀರಿ. ಇರಲಿ. ಆದರೆ ಚೇಂಜ್ ಸ್ಕೋರ್ ತಪ್ಪು ಉತ್ತರ ಕೊಡುತ್ತದೆ ಅಂತ ಹೇಳಬೇಡಿ. ರ‍್ಯಾಂಡಮೈಸ್ ಮಾಡಿದರೆ ಅದರಲ್ಲಿ ಪಕ್ಷಪಾತ ಇಲ್ಲ.

ಅಂಕಿ ಹುಳು: ಇದು ಸರಿ, ಒಪ್ಪಿದೆ. ಅದೇ ಸ್ಟಡಿಯನ್ನು ಸಾವಿರ ಸಲ ಮಾಡಿದರೆ ಎರಡರ ಸರಾಸರಿಯೂ ಒಂದೇ. ಆದರೆ ಅವರು ಮಾಡಿದ್ದು ಒಂದೇ ಸಲ, ಆ ಸಲ ಹೆಚ್ಚು ನೋವಿನವರು ವ್ಯಾಯಾಮದ ಕಡೆ ಬಿದ್ದರು. ಕಂಟ್ರೋಲ್ ಕಡೆ ಬಿದ್ದಿದ್ದರೆ ಚೇಂಜ್‌ನ ಅಂಕಿಯೇ ಚಿಕ್ಕದಾಗುತ್ತಿತ್ತು. ಆಗ ಗೈಡ್ ಆನ್ಕೋವಾ ಹಾಕು ಅನ್ನುತ್ತಿದ್ದರೋ ಇಲ್ಲವೋ?

ಕೊನೆಬೆಂಚು: ಹುಳು ಅವರೇ, ಆನ್ಕೋವಾವನ್ನು ದೇವರ ಹಾಗೆ ಕೂರಿಸಬೇಡಿ. ನನ್ನನ್ನು ಮುಳುಗಿಸಿದ್ದೇ ಅದು. ನನ್ನದು ಓದುವ ಕೌಶಲದ ಸ್ಟಡಿ, ಎರಡು ಶಾಲೆ. ಒಂದು ಶಾಲೆ ತಾನಾಗಿ ಹೊಸ ವಿಧಾನಕ್ಕೆ ಒಪ್ಪಿತು, ಇನ್ನೊಂದು ಹಳೆಯದರಲ್ಲೇ ಉಳಿಯಿತು. ಹೊಸದು 55ರಿಂದ 61ಕ್ಕೆ, ಹಳೆಯದು 45ರಿಂದ 51ಕ್ಕೆ. ಎರಡೂ ಶಾಲೆಯ ಸರಾಸರಿ ಆರೇ ಅಂಕ ಏರಿದ್ದು, ಕಣ್ಣಿಗೆ ಕಾಣುತ್ತದೆ. ಆನ್ಕೋವಾದಲ್ಲಿ ಸ್ಲೋಪ್ 0.6 ಬಂತು. ಕೊನೆಯ ವ್ಯತ್ಯಾಸ 10, ಅದರಲ್ಲಿ 6 ಕಳೆದು ಹೊಸ ವಿಧಾನಕ್ಕೆ 4 ಅಂಕದ ಲಾಭ ಅಂತ ಬರೆದೆ. ಮಾರ್ಗದರ್ಶಕರೂ ಖುಷಿ, ನಾನೂ ಖುಷಿ. ಪ್ರಕಟವಾಗಿ ಎಂಟು ತಿಂಗಳಿಗೆ ಯಾರೋ ಓದುಗರು ಸಂಪಾದಕರಿಗೆ ಬರೆದರು. ತಿದ್ದುಪಡಿ ಹಾಕಬೇಕಾಯಿತು. ಇವತ್ತಿಗೂ ನನ್ನ ಹೆಸರು ಹುಡುಕಿದರೆ ಪೇಪರಿಗಿಂತ ಮೊದಲು ತಿದ್ದುಪಡಿಯೇ ಬರುತ್ತದೆ.

ಕಾರಣ ಆಮೇಲೆ ತಿಳಿಯಿತು. 55 ಸರಾಸರಿಯ ಶಾಲೆಯ ಮಗು ಸರಿಯುವುದು ತನ್ನ ಶಾಲೆಯ ಸರಾಸರಿಯ ಕಡೆಗೆ, ಇಬ್ಬರಿಗೂ ಸೇರಿದ 50ರ ಕಡೆಗಲ್ಲ. ಆನ್ಕೋವಾ ಎಲ್ಲರನ್ನೂ ಒಂದೇ ಕಡೆ ಎಳೆಯಿತು. ಫ್ರೆಡೆರಿಕ್ ಲಾರ್ಡ್ 1967ರಲ್ಲಿ ಹುಡುಗರು ಹುಡುಗಿಯರ ತೂಕದ ಉದಾಹರಣೆಯಲ್ಲಿ ತೋರಿಸಿದ್ದು ಇದನ್ನೇ. ಇಬ್ಬರು ಲೆಕ್ಕಿಗರು, ಒಂದೇ ಡೇಟಾ, ಎರಡು ಉತ್ತರ.

ಅಂಕಿ ಹುಳು: ನಿಮ್ಮದು ರ‍್ಯಾಂಡಮೈಸ್ ಆಗಿಲ್ಲ, ಇವರದು ಆಗಿದೆ. ಎರಡನ್ನೂ ಕಲಸಬೇಡಿ. ಅದೂ ಅಲ್ಲದೆ, 50ಕ್ಕಿಂತ ಕಡಿಮೆ ತಗೊಂಡ ಮಕ್ಕಳಿಗೆ ಮಾತ್ರ ವಿಶೇಷ ತರಗತಿ ಅಂತ ಆ ಪರೀಕ್ಷೆಯ ಅಂಕ ನೋಡಿಯೇ ಗುಂಪು ಮಾಡಿದ್ದರೆ ನಿಮ್ಮ ಚೇಂಜ್ ಸ್ಕೋರೇ ಮೋಸ ಮಾಡುತ್ತಿತ್ತು, ಆನ್ಕೋವಾ ಉಳಿಸುತ್ತಿತ್ತು.

ಕೊನೆಬೆಂಚು: ಗುಂಪು ಹೇಗೆ ಆಯಿತು ಅನ್ನುವುದರ ಮೇಲೆ ನಿಂತಿದೆ ಅಂತ ನೀವೇ ಹೇಳಿದಿರಿ. ಅಷ್ಟೇ ನಾನೂ ಹೇಳಿದ್ದು. "ಎರಡೇ ಪುಟದಲ್ಲಿ ಮುಗಿಸಿದ್ದಾರೆ" ಅನ್ನುವ ಗತ್ತು ಬೇಕಿರಲಿಲ್ಲ.

ಅಂಕಿ ಹುಳು: ಗತ್ತು ಎಲ್ಲಿಂದ ಬಂತು ರೀ?

ಥೀಸಿಸ್ ಕೊನೇ ವರ್ಷ: ಜಗಳ ಬೇಡ, ಪ್ಲೀಸ್. ಎರಡನ್ನೂ ಹಾಕಿದರೆ ಆಗುತ್ತದಾ? ಆನ್ಕೋವಾದ ಇಂಟರ್ವಲ್ -14.8ರಿಂದ 0.8. ಚೇಂಜ್‌ನದ್ದು -18.9ರಿಂದ -1.1.

ನಾಲ್ಕನೇ ಕರಡು: ಎರಡು ಇಂಟರ್ವಲ್‌ನ ಅಗಲ ನೋಡು ತಂಗಿ. ಒಂದು ಹೆಚ್ಚುಕಡಿಮೆ 16, ಇನ್ನೊಂದು 18. ಬಿಗಿಯಾಗಿರುವುದು ಆನ್ಕೋವಾದ್ದು. ಆದರೂ ನಕ್ಷತ್ರ ಚಿಹ್ನೆ ಸಿಕ್ಕಿದ್ದು ಇನ್ನೊಂದಕ್ಕೆ, ಯಾಕಂದರೆ ಅದು ಸೊನ್ನೆಯಿಂದ ಆಚೆ ತಳ್ಳಲ್ಪಟ್ಟಿದೆ. ನಾನಾಗಿದ್ದರೆ 7 ಅನ್ನು ಮುಖ್ಯ ಟೇಬಲ್‌ಗೆ ಹಾಕಿ, 10 ಅನ್ನು ಅನುಬಂಧದಲ್ಲಿ ಇಟ್ಟು, ವಿಧಾನವನ್ನು ಮೊದಲೇ ಬರೆದಿರಲಿಲ್ಲ ಅಂತ ಒಂದು ಸಾಲು ಒಪ್ಪಿಕೊಳ್ಳುತ್ತಿದ್ದೆ. ಗುಂಪುವಾರು ಮೊದಲು-ಕೊನೆ ಸರಾಸರಿ, ಎಸ್‌ಡಿ, ಕೋರಿಲೇಶನ್ ಮೂರನ್ನೂ ಕೊಡು. ನಾಳೆ ಯಾರಾದರೂ ಕೇಳಿದರೆ ಲೆಕ್ಕ ಅವರೇ ಹಾಕಿಕೊಳ್ಳಲಿ.

ಹಳೇ ಕೈ: 0.08 ಇಟ್ಟುಕೊಂಡು ವೈವಾದಲ್ಲಿ ನಿಲ್ಲುವುದು ಆಕೆ, ನೀವಲ್ಲ. "ಫಲ ಇಲ್ಲ" ಅಂತ ಬರೆಸುತ್ತಾರೆ ನೋಡಿ.

ನಾಲ್ಕನೇ ಕರಡು: 7 ಅಂಕ ಇಳಿದಿರಬಹುದು, 15 ಕೂಡ ಇರಬಹುದು, ಏನೂ ಇಲ್ಲದೆಯೂ ಇರಬಹುದು ಅಂತ ಬರೆಯುವುದಕ್ಕೂ "ಫಲ ಇಲ್ಲ" ಅನ್ನುವುದಕ್ಕೂ ವ್ಯತ್ಯಾಸ ಇದೆ, ಸಾರ್.

ಹಳೇ ಕೈ: ಪರೀಕ್ಷಕರಿಗೆ ಆ ವ್ಯತ್ಯಾಸ ನೀವು ಬಂದು ಹೇಳುತ್ತೀರಾ?

ಸಂಜೆ ಓಪಿಡಿ: ಎಲ್ಲಾ ಸರಿ, ಆ 80 ಜನರನ್ನು ಆರಿಸುವಾಗ ನೋವು ಇಷ್ಟಕ್ಕಿಂತ ಮೇಲಿರಬೇಕು ಅಂತ ಏನಾದರೂ ಮಿತಿ ಇಟ್ಟಿದ್ದಿರಾ? ಆರಿಸಿದ ದಿನದ ಸ್ಕೋರೇ ಬೇಸ್‌ಲೈನಾ, ಇಲ್ಲಾ ಬೇರೆ ದಿನ ಮತ್ತೆ ಕೇಳಿದ್ದಾ?

ಥೀಸಿಸ್ ಕೊನೇ ವರ್ಷ: 40ಕ್ಕಿಂತ ಮೇಲೆ. ಅದೇ ದಿನದ್ದು.

ಸಂಜೆ ಓಪಿಡಿ: ಹಾಗಾದರೆ ಕಂಟ್ರೋಲ್‌ನವರು 8 ಅಂಕ ಇಳಿದದ್ದು ನೋಡಿ "ಸಲಹೆ ಕೊಟ್ಟದ್ದಕ್ಕೇ ನೋವು ತಗ್ಗಿತು" ಅಂತ ಮಾತ್ರ ಚರ್ಚೆಯಲ್ಲಿ ಬರೆಯಬೇಡಿ. ನಾನು ಬರೆದಿದ್ದೆ.