ಸಹಾಯ ಬೇಕು: ಹೋದ ವರ್ಷ ನಷ್ಟ ಇದ್ರೆ ಶೇಕಡಾ ಬೆಳವಣಿಗೆ ಹೇಗೆ ತೋರ್ಸೋದು?

ಎಲ್ರಿಗೂ ನಮಸ್ಕಾರ, ಎಕ್ಸೆಲ್ ಗೊತ್ತಿರೋರು ಸ್ವಲ್ಪ ನೋಡಿ. ನಮ್ಮ ಅಂಗಡಿಗಳ ಲಾಭದ ಶೀಟಲ್ಲಿ B ಕಾಲಮ್ ಹೋದ ವರ್ಷದ್ದು, C ಈ ವರ್ಷದ್ದು, ಬೆಳವಣಿಗೆಗೆ ಹಾಕಿರೋದು ಮಾಮೂಲಿ ಫಾರ್ಮುಲಾ:

```
=(C2-B2)/B2
```

ಒಂದು ಅಂಗಡಿ 2 ಲಕ್ಷ ನಷ್ಟದಿಂದ 3 ಲಕ್ಷ ಲಾಭಕ್ಕೆ ಬಂದಿದೆ, ಅದಕ್ಕೆ -250% ತೋರಿಸ್ತಿದೆ. ಇನ್ನೊಂದು 2 ಲಕ್ಷ ನಷ್ಟದಿಂದ 5 ಲಕ್ಷ ನಷ್ಟಕ್ಕೆ ಇಳಿದಿದೆ, ಅದಕ್ಕೆ +150%! ಕೆಳಗಿರೋ ಸಂಖ್ಯೆ ಮೈನಸ್ ಆದ್ರೆ ಉತ್ತರದ ಚಿಹ್ನೆ ತಿರುಗಿಬಿಡುತ್ತೆ ಅಂತ ಅರ್ಥ ಆಯ್ತು. ಹೊಸ ಅಂಗಡಿಗೆ ಹೋದ ವರ್ಷ ಸೊನ್ನೆ, ಅಲ್ಲಿ `#DIV/0!` ಬರುತ್ತೆ.

ಕೆಳಗೆ `ABS(B2)` ಹಾಕು ಅಂತ ಆಫೀಸಲ್ಲಿ ಒಬ್ರು ಹೇಳಿದ್ರು, ಚಿಹ್ನೆ ಏನೋ ಸರಿಹೋಗುತ್ತೆ ಆದ್ರೆ 10 ಲಕ್ಷ ನಷ್ಟದಿಂದ 3 ಲಕ್ಷ ಲಾಭಕ್ಕೆ ಬಂದ ಅಂಗಡಿಗೆ 130%, ಬರೀ 1 ಲಕ್ಷ ನಷ್ಟದಿಂದ ಅದೇ 3 ಲಕ್ಷಕ್ಕೆ ಬಂದಿದ್ದಕ್ಕೆ 400% ಬರುತ್ತೆ. 13 ಲಕ್ಷ ಸುಧಾರಿಸಿದೋರು ಹಿಂದೆ, 4 ಲಕ್ಷದೋರು ಮುಂದೆ, ಇದು ನಂಗೆ ಒಪ್ಪಿಗೆ ಆಗ್ತಿಲ್ಲ, ಯಾಕಂದ್ರೆ ಮ್ಯಾನೇಜರ್‌ಗಳ ಬೋನಸ್ ಇದೇ ಕಾಲಮ್ ನೋಡಿ ಕೊಡ್ತಾರೆ.

ಸದ್ಯಕ್ಕೆ ಹೀಗೆ ಮಾಡಿದೀನಿ, ಪಕ್ಕದಲ್ಲಿ ರೂಪಾಯಿ ವ್ಯತ್ಯಾಸದ ಕಾಲಮ್ ಬೇರೆ ಇಟ್ಟಿದೀನಿ:

```
=IF(B2>0,(C2-B2)/B2,"ಅನ್ವಯಿಸಲ್ಲ")
```

ಆದ್ರೆ ಹೋದ ವರ್ಷ ಬರೀ 500 ರೂಪಾಯಿ ಲಾಭ ಇದ್ದ ಅಂಗಡಿಗೆ ಇದ್ರಲ್ಲೂ ಸಾವಿರಗಟ್ಟಲೆ ಪರ್ಸೆಂಟ್ ಬರುತ್ತೆ. ಅದಕ್ಕೆ ಏನ್ ಮಾಡ್ತೀರಾ? ಲಾಭನ ಮಾರಾಟದ ಶೇಕಡಾ ಮಾಡಿ ಎರಡೂ ವರ್ಷ ಹೋಲಿಸಿದ್ರೆ ನ್ಯಾಯವಾಗಿರುತ್ತಾ? ಅಕೌಂಟ್ಸ್‌ನಲ್ಲಿರೋರು ದಯವಿಟ್ಟು ಹೇಳಿ.