ಡಿಗ್ರಿ, ನಿಮಿಷ, ಸೆಕೆಂಡ್ ಕೂಡಿದರೆ ದಕ್ಷಿಣದ ಜಾಗಗಳು ಮಾತ್ರ ತಪ್ಪುತ್ತವೆ, ಯಾಕೆ?

ಪ್ರಶ್ನೆ: ಜಾಗಗಳ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶ ಡಿಗ್ರಿಗೆ ಬದಲಿಸಬೇಕು. ಡಿಗ್ರಿ, ನಿಮಿಷ, ಸೆಕೆಂಡ್ ಮೂರನ್ನೂ ಸ್ಪ್ರೆಡ್‌ಶೀಟ್‌ನ A, B, C ಕಾಲಮ್‌ಗಳಲ್ಲಿ ಹಾಕಿದ್ದೇನೆ. ದಕ್ಷಿಣ, ಪಶ್ಚಿಮದವಕ್ಕೆ ಡಿಗ್ರಿಯ ಮುಂದೆ ಮೈನಸ್ ಇದೆ. `=A2+B2/60+C2/3600` ಕೊಟ್ಟರೆ ಉತ್ತರದವು ಸರಿ ಬರುತ್ತವೆ. ದಕ್ಷಿಣದವು ನಕ್ಷೆಯಲ್ಲಿ ಎಲ್ಲೋ ಹೋಗಿ ಕೂರುತ್ತವೆ.

ಸರ್ವೆ ಕೆಲಸದವರು: ಮೈನಸ್ ಡಿಗ್ರಿಗೆ ಮಾತ್ರ ಅಂಟಿಕೊಂಡಿದೆ, ಅದೇ ತೊಂದರೆ. 33 ಡಿಗ್ರಿ 51 ನಿಮಿಷ 24 ಸೆಕೆಂಡ್ ದಕ್ಷಿಣ ಅಂತ ಇಟ್ಟುಕೊಳ್ಳಿ. 51 ಭಾಗ 60 ಅಂದರೆ 0.85. 24 ಭಾಗ 3600 ಅಂದರೆ 0.006667. ಇವನ್ನು 33ಕ್ಕೆ ಕೂಡಿ, ಆಮೇಲೆ ಮೈನಸ್ ಹಾಕಬೇಕು: -33.856667. ನಿಮ್ಮ ಸೂತ್ರ -33ಕ್ಕೆ ಕೂಡುತ್ತಿದೆ, ಹಾಗಾಗಿ -32.143333 ಬರುತ್ತದೆ. ಜಾಗ ಸುಮಾರು 190 ಕಿ.ಮೀ. ಉತ್ತರಕ್ಕೆ ಸರಿಯಿತು!

ಇನ್ನೊಬ್ಬರು: `=SIGN(A2)*(ABS(A2)+B2/60+C2/3600)` ಹಾಕಿ, ಮುಗೀತು. ನಾನು ವರ್ಷಗಳಿಂದ ಇದನ್ನೇ ಬಳಸುತ್ತಿದ್ದೇನೆ.

ಸರ್ವೆ ಕೆಲಸದವರು: ಡಿಗ್ರಿ ಸೊನ್ನೆ ಆಗುವ ತನಕ ಸರಿ. 0 ಡಿಗ್ರಿ 7 ನಿಮಿಷ 39 ಸೆಕೆಂಡ್ ಪಶ್ಚಿಮ ಕೊಟ್ಟು ನೋಡಿ. -0.1275 ಬರಬೇಕು. ಆದರೆ ಸೆಲ್‌ನಲ್ಲಿ -0 ಹೊಡೆದರೆ ಬರೀ 0 ಉಳಿಯುತ್ತದೆ, ಸೊನ್ನೆಯ SIGN ಸೊನ್ನೆ, ಗುಣಿಸಿದರೆ ಎಲ್ಲವೂ ಸೊನ್ನೆ. ಎರರ್ ಕೂಡ ತೋರಿಸುವುದಿಲ್ಲ. ಅದಕ್ಕೇ ನಾನು ಮೈನಸ್ ಹೊಡೆಯುವುದೇ ಇಲ್ಲ. ದಿಕ್ಕಿನ ಅಕ್ಷರವನ್ನು D ಕಾಲಮ್‌ನಲ್ಲಿ ಬರೆಯುತ್ತೇನೆ:

```
=(A2+B2/60+C2/3600)*IF(OR(D2="S",D2="W"),-1,1)
```

ಅಕ್ಷರದ ಹಿಂದೆ ಮುಂದೆ ಖಾಲಿ ಜಾಗ ಸೇರಿದ್ದರೆ ಅದು S ಅಲ್ಲ ಅಂದುಕೊಂಡು ಪ್ಲಸ್ ಕೊಡುತ್ತದೆ, ಹುಷಾರು.

ಮತ್ತೊಬ್ಬರು: ನನಗೂ ಇದೇ ಗೋಳು. ಜಿಪಿಎಸ್‌ನಲ್ಲಿ 33 51.400 ಅಂತ ಬರುತ್ತದೆ. 400 ಸೆಕೆಂಡ್ ಅಂತ ಹಾಕಿದೆ, ಜಾಗ ಸರಿಯಿಲ್ಲ.

ಸರ್ವೆ ಕೆಲಸದವರು: ನಿಮ್ಮದು ಬೇರೆ ಕಥೆ. ಅಲ್ಲಿ ಸೆಕೆಂಡೇ ಇಲ್ಲ, ಅದು 51.4 ನಿಮಿಷ. B ಯಲ್ಲಿ 51.4, C ಯಲ್ಲಿ 0 ಹಾಕಿ. ಮೇಲಿನ 51 ನಿಮಿಷ 24 ಸೆಕೆಂಡ್ ಕೂಡ ಅಷ್ಟೇ ಅಲ್ವಾ?

ಪ್ರಶ್ನೆ ಕೇಳಿದವರು: D ಕಾಲಮ್ ಹಾಕಿ, ಮೈನಸ್ ತೆಗೆದೆ, ಈಗ ಎಲ್ಲ ಸರಿ ಕೂತಿವೆ. ಆದರೆ ಬೇರೆಯವರು ಕೊಟ್ಟ ಒಂದು ಪಟ್ಟಿಯಲ್ಲಿ 33.5124 ಥರ ಇದೆ. ಇದು ನಿಜವಾದ ದಶಮಾಂಶವೋ, ಸುಮ್ನೆ ಚುಕ್ಕಿ ಇಟ್ಟು ಬರೆದದ್ದೋ?

ಸರ್ವೆ ಕೆಲಸದವರು: ಒಂದು ಸಾಲು ನೋಡಿ ಹೇಳೋಕಾಗಲ್ಲ. ಇಡೀ ಕಾಲಮ್ ನೋಡಿ. ಚುಕ್ಕಿಯ ನಂತರದ ಮೊದಲೆರಡು ಅಂಕಿ ಎಲ್ಲೂ 59 ದಾಟದಿದ್ದರೆ, ಮುಂದಿನ ಎರಡೂ ಹಾಗೇ ಇದ್ದರೆ, ಯಾರೋ ನಿಮಿಷ, ಸೆಕೆಂಡ್‌ಗಳನ್ನೇ ಅಂಟಿಸಿದ್ದಾರೆ. ಎಷ್ಟು ಸಾಲಿವೆ?

ಪ್ರಶ್ನೆ ಕೇಳಿದವರು: ಆರೇ ಆರು.

ಸರ್ವೆ ಕೆಲಸದವರು: ಹಾಗಾದರೆ ಕಷ್ಟ. ಕೊಟ್ಟವರನ್ನೇ ಕೇಳಿ.