ಪದಚರ್ಚೆ: ಮೇಲ್ ಅಡಿಯ ‘ಗೌಪ್ಯತಾ ಸೂಚನೆ’ಗೆ ಚಿಕ್ಕ ಕನ್ನಡ ಬೇಕು

ಕೇಳಿದವರು: ಚಿಕ್ಕಮಗಳೂರು, ಕಾಫಿ ವ್ಯಾಪಾರದ ಕಚೇರಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿಯ ಒಂದು ಕಾಫಿ ವ್ಯಾಪಾರದ ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಬೆಳೆಗಾರರಿಗೆ ದರ, ಔಟ್‌ಟರ್ನ್ ಅಂದರೆ ತಂದ ಕಾಫಿಯಲ್ಲಿ ಎಷ್ಟು ಬೀಜ ಸಿಕ್ಕಿತು ಅನ್ನುವ ಲೆಕ್ಕ, ಎಲ್ಲ ಮೇಲ್‌ನಲ್ಲೇ ಹೋಗುತ್ತದೆ. ಮೇಲ್ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಹತ್ತು ಸಾಲಿನ ಒಂದು ಎಚ್ಚರಿಕೆ ಇತ್ತು. ಅದನ್ನು ಯಾರೋ ಕನ್ನಡಕ್ಕೆ ತಂದುಕೊಟ್ಟಿದ್ದಾರೆ. ಅದು ಹೀಗಿದೆ:

‘ಈ ಮಿಂಚಂಚೆಯು ಗೌಪ್ಯ ಮಾಹಿತಿಯನ್ನು ಒಳಗೊಂಡಿದ್ದು, ಉದ್ದೇಶಿತ ಸ್ವೀಕೃತಿದಾರರ ಹೊರತು ಅನ್ಯರಿಂದ ಇದರ ಬಳಕೆ, ಪ್ರಸರಣ ಅಥವಾ ನಕಲು ಮಾಡುವಿಕೆಯನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.’

ಓದಿದರೆ ಕೋರ್ಟ್ ನೋಟಿಸ್ ಬಂದ ಹಾಗಿದೆ. ಹೋದ ತಿಂಗಳು ನನ್ನಿಂದಲೇ ಒಂದು ತಪ್ಪಾಯಿತು. ಇಬ್ಬರು ಬೆಳೆಗಾರರದ್ದು ಒಂದೇ ಹೆಸರು. ಮೊದಲ ಮೂರು ಅಕ್ಷರ ಒತ್ತಿದ ಕೂಡಲೇ ಮೇಲ್ ತಾನಾಗಿ ಹೆಸರು ತುಂಬಿತು, ನಾನು ನೋಡದೆ ಕಳಿಸಿಬಿಟ್ಟೆ. ಒಬ್ಬರಿಗೆ ಹೇಳಿದ ಪಾರ್ಚ್‌ಮೆಂಟ್ ದರ ಇನ್ನೊಬ್ಬರ ಕೈ ಸೇರಿತು. ಅವರು ಫೋನ್ ಮಾಡಿ, ‘ನನಗ್ಯಾಕೆ ಐವತ್ತು ರೂಪಾಯಿ ಕಮ್ಮಿ ಹೇಳಿದ್ರಿ?’ ಅಂತ ಕೇಳಿದರು. ಕೆಳಗಿನ ಎಚ್ಚರಿಕೆಯನ್ನು ಅವರು ನೋಡಿಯೇ ಇರಲಿಲ್ಲ.

ಎರಡು ಪ್ರಶ್ನೆ. ‘ಗೌಪ್ಯ’ ಸರಿಯೋ, ‘ಗೋಪ್ಯ’ ಸರಿಯೋ? ಬೆಳೆಗಾರರು ನಿಜವಾಗಿ ಓದುವಂಥ ಎರಡು ಸಾಲು ಹೇಗೆ ಬರೆಯಬೇಕು? ಹೆಸರು, ಹುದ್ದೆ ಬರುವ ಸಹಿ ಭಾಗಕ್ಕೂ ಸಲಹೆ ಕೊಡಿ.

ಹಾಸನ, ನಿವೃತ್ತ ಕನ್ನಡ ಮೇಷ್ಟ್ರು

‘ಗೋಪ್ಯ’ ಅಂದರೆ ಮುಚ್ಚಿಡಬೇಕಾದದ್ದು. ಅದಕ್ಕೆ ‘ತೆ’ ಸೇರಿಸಿದರೆ ‘ಗೋಪ್ಯತೆ’. ‘ಗೌಪ್ಯ’ ಅನ್ನುವಾಗಲೇ ಭಾವನಾಮ ಆಗಿಹೋಯಿತು, ಅದಕ್ಕೆ ಮತ್ತೆ ‘ತೆ’ ಹಚ್ಚುವುದು ‘ಸೌಂದರ್ಯತೆ’ ಅಂದ ಹಾಗೆ. ಆದ್ದರಿಂದ ‘ಗೋಪ್ಯ ಮಾಹಿತಿ’, ‘ಗೋಪ್ಯತೆ’ ಇವೇ ಸರಿ.

ಆದರೆ ನಿಮ್ಮ ವಾಕ್ಯದಲ್ಲಿ ನನಗೆ ಜಾಸ್ತಿ ಚುಚ್ಚಿದ್ದು ಈ ಪದ ಅಲ್ಲ, ‘ನಿಷೇಧಿಸಲಾಗಿದೆ’. ನಿಷೇಧಿಸಿದವರು ಯಾರು? ವಾಕ್ಯದಲ್ಲಿ ಆಳೇ ಇಲ್ಲ. ಸರ್ಕಾರಿ ಫಲಕದ ಭಾಷೆ ಅದು. ನಿಮ್ಮ ಮೇಲ್ ಓದುವವರು ನಿಮಗೆ ಗೊತ್ತಿರುವ ಬೆಳೆಗಾರರು, ಅಲ್ವಾ? ಅವರಿಗೆ ‘ಕಳಿಸಬಾರದು’ ಅಂದರೆ ನಿಯಮ ಹೇಳಿದ ಹಾಗೆ, ‘ಕಳಿಸಬೇಡಿ’ ಅಂದರೆ ಕೇಳಿಕೊಂಡ ಹಾಗೆ. ತಪ್ಪು ಮಾಡಿದವರು ನೀವು, ಉಪಕಾರ ಮಾಡಬೇಕಾದವರು ಅವರು. ‘ಬೇಡಿ’ಯೇ ತಕ್ಕದ್ದು. ‘ಉದ್ದೇಶಿತ ಸ್ವೀಕೃತಿದಾರ’ ಬಿಟ್ಟು ‘ತಪ್ಪಿ ನಿಮಗೆ ಬಂದಿದ್ದರೆ ಅಳಿಸಿಬಿಡಿ’ ಅನ್ನಿ. ಕೆಲಸ ಮುಗಿಯಿತು.

ಮೂಡಿಗೆರೆ

ಮೇಷ್ಟ್ರೇ, ಪತ್ರಿಕೆಯಲ್ಲಿ ದಿನಾ ‘ಗೌಪ್ಯ’ ಅಂತಲೇ ಬರುತ್ತದೆ. ಓದುವವರಿಗೆ ಅದೇ ಗೊತ್ತು. ‘ಗೋಪ್ಯ’ ಅಂತ ಬರೆದರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ.

ಸಹಿ ವಿಷಯಕ್ಕೆ ಬಂದರೆ, ನಮ್ಮ ಆಡಿಟರ್ ಡಿಜಿಟಲ್ ಸಹಿಗೆ ಪೆನ್‌ಡ್ರೈವ್ ಥರದ ಟೋಕನ್ ಕೊಟ್ಟಿದ್ದಾರೆ. ಪಾಸ್‌ವರ್ಡ್ ಹಾಕಿ ಸಹಿ ಮಾಡುತ್ತೇನೆ. ನೀವೂ ಅದನ್ನೇ ಮಾಡಿಸಿಕೊಳ್ಳಿ, ಈ ಎಚ್ಚರಿಕೆಯೇ ಬೇಡ.

ಕೇಳಿದವರು

ನಾನು ಕೇಳಿದ್ದು ಆ ಸಹಿ ಅಲ್ಲ. ಮೇಲ್ ಕೊನೆಯಲ್ಲಿ ಹೆಸರು, ಫೋನ್ ಬರುತ್ತದಲ್ಲ, ಅದು. ಜಿಮೇಲ್ ಅದಕ್ಕೂ ‘ಸಹಿ’ ಅಂತಲೇ ಅನ್ನುವುದರಿಂದ ಗೊಂದಲ ಆಗುತ್ತದೆ. ‘ಹೆಸರಸಾಲು’ ಅಂದರೆ ಹೇಗೆ?

ಬೇಲೂರು, ಖಾಸಗಿ ಕಂಪನಿಯ ನೌಕರ

ಎಚ್ಚರಿಕೆ ತೆಗೆಯಬೇಡಿ. ಅದು ಕಾನೂನು. ಕಂಪನಿ ಕಾಯ್ದೆ ಪ್ರಕಾರ ಸಿಐಎನ್ ಅನ್ನುವ ಕಂಪನಿ ಗುರುತಿನ ನಂಬರ್, ವಿಳಾಸ, ಈ ಎಚ್ಚರಿಕೆ, ಎಲ್ಲ ಇರಲೇಬೇಕು. ನಮ್ಮಲ್ಲಿ ಪ್ರತಿ ಮೇಲ್‌ಗೂ ಇದೆ.

ಹಾಸನ, ವಕೀಲೆ

ಬೇಲೂರಿನವರು ಹೇಳಿದ್ದರಲ್ಲಿ ಅರ್ಧ ಸರಿ. 2013ರ ಕಂಪನಿ ಕಾಯ್ದೆಯ 12ನೇ ಕಲಂ ಪ್ರಕಾರ ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ, 21 ಅಕ್ಷರ-ಅಂಕಿಯ ಸಿಐಎನ್, ಫೋನ್, ಇಮೇಲ್ ಇವು ವ್ಯವಹಾರದ ಪತ್ರ, ಬಿಲ್, ನೋಟಿಸ್‌ಗಳ ಮೇಲೆ ಇರಬೇಕು. ಗೋಪ್ಯತೆಯ ಎಚ್ಚರಿಕೆ ಆ ಪಟ್ಟಿಯಲ್ಲಿ ಇಲ್ಲ. ನಿಮ್ಮದು ಪಾಲುದಾರಿಕೆ ಸಂಸ್ಥೆಯಾದರೆ ಸಿಐಎನ್ ಇರುವುದೇ ಇಲ್ಲ, ಹಾಕುವ ಪ್ರಶ್ನೆಯೂ ಬರುವುದಿಲ್ಲ.

ಇನ್ನು ಎಚ್ಚರಿಕೆಯ ಬಲ. ತಪ್ಪಿ ಮೇಲ್ ಪಡೆದವರು ನಿಮ್ಮ ಜೊತೆ ಯಾವ ಮಾತಿಗೂ ಒಪ್ಪಿಲ್ಲ. ಕೆಳಗೊಂದು ಸಾಲು ಬರೆದ ಮಾತ್ರಕ್ಕೆ ಅವರು ಅದಕ್ಕೆ ಕಟ್ಟುಬೀಳುವುದಿಲ್ಲ. ಜೊತೆಗೆ ಅದು ಕೊನೆಯಲ್ಲಿದೆ. ಅಲ್ಲಿಗೆ ಕಣ್ಣು ಹೋಗುವಷ್ಟರಲ್ಲಿ ದರ ಓದಿ ಆಗಿರುತ್ತದೆ. ‘ಸಭೆ ಮೂರು ಗಂಟೆಗೆ’ ಅನ್ನುವ ಮೇಲ್‌ಗೂ ಅದೇ ಎಚ್ಚರಿಕೆ ಅಂಟಿಕೊಂಡಿದ್ದರೆ, ನಿಜವಾಗಿ ಗುಟ್ಟು ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹಾಗಂತ ಪೂರ್ತಿ ತೆಗೆಯಿರಿ ಅನ್ನುವುದಿಲ್ಲ. ಒಳ್ಳೆಯವರೊಬ್ಬರ ಕೈಗೆ ತಪ್ಪಿ ಮೇಲ್ ಸಿಕ್ಕರೆ ಏನು ಮಾಡಬೇಕು ಅಂತ ಹೇಳುವುದಕ್ಕೆ ಒಂದು ಸಾಲು ಬೇಕು. ಅದರ ಕೆಲಸ ಅಷ್ಟೇ.

ಗುಟ್ಟಾಗಿರಬೇಕಾದ ಮೇಲ್‌ಗೆ ಮೊದಲ ಸಾಲಿನಲ್ಲೇ, ಕೈಯಾರೆ ಟೈಪ್ ಮಾಡಿ: ‘ಈ ದರ ನಿಮಗೆ ಮಾತ್ರ. ದಯವಿಟ್ಟು ಬೇರೆಯವರಿಗೆ ಹೇಳಬೇಡಿ.’ ಇಲ್ಲಿ ‘ಗೋಪ್ಯ’ವೂ ಬೇಡ, ‘ಗೌಪ್ಯ’ವೂ ಬೇಡ. ದರದ ಪಟ್ಟಿ ಫೈಲ್ ಆಗಿದ್ದರೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿ. ನಿಮಗಾದಂಥ ತಪ್ಪನ್ನು ತಡೆಯುವುದು ಅದು.

ಚಿಕ್ಕಮಗಳೂರು, ಕಂಪ್ಯೂಟರ್ ಕೆಲಸದವನು

ಮೇಲ್ ಸಹಿ ನಾಲ್ಕು ಸಾಲು ಮೀರಬಾರದು ಅನ್ನುವುದು ಹಳೆಯ ಸಲಹೆ, ಇಂಟರ್ನೆಟ್ ಬಳಕೆಯ ಶಿಷ್ಟಾಚಾರ ಹೇಳುವ 1995ರ RFC 1855ರಲ್ಲೇ ಇದೆ. ಹೆಸರು ಮತ್ತು ಫೋನನ್ನು ಚಿತ್ರದೊಳಗೆ ಹಾಕಬೇಡಿ. ಎಷ್ಟೋ ಕಡೆ ಚಿತ್ರ ತೆರೆಯುವುದೇ ಇಲ್ಲ, ತೆರೆದರೂ ಮೊಬೈಲಿನಲ್ಲಿ ನಂಬರ್ ಮುಟ್ಟಿ ಕಾಲ್ ಮಾಡಲು ಬರುವುದಿಲ್ಲ.

ಇನ್ನೊಂದು. ಆರು ಸಲ ಉತ್ತರ ಹೋಗಿ ಬಂದರೆ ಎಚ್ಚರಿಕೆಯೂ ಸಾಲಾಗಿ ಪೇರಿಸಿಕೊಳ್ಳುತ್ತದೆ, ನಡುವಿನ ಮಾತು ಹುಡುಕಬೇಕಾಗುತ್ತದೆ. ಜಿಮೇಲ್‌ನ ಸಹಿ ಸೆಟ್ಟಿಂಗಿನಲ್ಲಿ `On reply/forward use` ಅಂತ ಬೇರೆ ಆಯ್ಕೆ ಇದೆ. ಅಲ್ಲಿ ಹೆಸರು, ಫೋನ್ ಮಾತ್ರ ಇರುವ ಇನ್ನೊಂದು ಸಹಿ ಇಟ್ಟುಕೊಳ್ಳಿ.

ಮೇಷ್ಟ್ರು ಹೇಳಿದ ‘ಅಳಿಸಿಬಿಡಿ’ ಬದಲು ‘ಡಿಲೀಟ್ ಮಾಡಿ’ ಅನ್ನಿ ಅನ್ನುತ್ತೇನೆ. ಫೋನಿನಲ್ಲಿ ಜನ ಹೇಳುವುದು ಅದನ್ನೇ.

ಮೇಷ್ಟ್ರು

‘ಅಳಿಸಿಬಿಡಿ’ ಒಳ್ಳೆಯ ಮಾತು. ‘ಬಿಡಿ’ ಸೇರಿದ್ದರಿಂದ ಒತ್ತಾಯ ಹೋಗಿ ಸಲುಗೆ ಬಂದಿದೆ. ಸ್ಲೇಟು ಅಳಿಸಿದವರಿಗೆ ಅದು ಅರ್ಥವಾಗದೇ ಇರುವುದಿಲ್ಲ. ‘ಹೆಸರಸಾಲು’ ಕೇಳಲು ಚೆನ್ನಾಗಿದೆ, ಆದರೆ ಅದರಲ್ಲಿ ಫೋನು, ವೇಳೆ ಎಲ್ಲ ಬರುತ್ತದಲ್ಲ? ‘ಸಹಿ’ಗೆ ಈ ಅರ್ಥವೂ ಬಂದಿದೆ, ಇರಲಿ ಬಿಡಿ.

ಕೇಳಿದವರು

ಎಲ್ಲರಿಗೂ ವಂದನೆ. ನಮ್ಮದು ಪಾಲುದಾರಿಕೆ ಸಂಸ್ಥೆ, ಹಾಗಾಗಿ ಸಿಐಎನ್ ಬಿಟ್ಟೆ. ‘ಸಹಾಯಕ ವ್ಯವಸ್ಥಾಪಕಿ, ಪತ್ರವ್ಯವಹಾರ ವಿಭಾಗ’ ಅಂತ ಇದ್ದದ್ದನ್ನೂ ತೆಗೆದೆ. ಬೆಳೆಗಾರರಿಗೆ ಬೇಕಾದದ್ದು ಯಾವುದಕ್ಕೆ ನನ್ನನ್ನು ಕೇಳಬಹುದು, ಯಾವಾಗ ಸಿಗುತ್ತೇನೆ ಅನ್ನುವುದು. ಈಗ ಹೀಗಿದೆ:

ಹೆಸರು, ಸಂಸ್ಥೆಯ ಹೆಸರು, ಚಿಕ್ಕಮಗಳೂರು
ದರ ಮತ್ತು ಔಟ್‌ಟರ್ನ್ ವಿಚಾರಕ್ಕೆ: ಫೋನ್ ನಂಬರ್
ಸೋಮವಾರದಿಂದ ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 5
ಈ ಮೇಲ್ ತಪ್ಪಿ ನಿಮಗೆ ಬಂದಿದ್ದರೆ ದಯವಿಟ್ಟು ನಮಗೆ ತಿಳಿಸಿ, ಆಮೇಲೆ ಅಳಿಸಿಬಿಡಿ. ಬೇರೆಯವರಿಗೆ ಕಳಿಸಬೇಡಿ.

ನಮ್ಮ ಯಜಮಾನರು ಒಪ್ಪಿದರು, ಆದರೆ ‘ಗೌಪ್ಯ ಅನ್ನುವ ಪದ ಎಲ್ಲಾದರೂ ಇರಲಿ, ಇಲ್ಲದಿದ್ದರೆ ಕಚೇರಿಯ ಮೇಲ್ ಅನ್ನಿಸುವುದಿಲ್ಲ’ ಅನ್ನುತ್ತಿದ್ದಾರೆ. ಹಾಕಲೇಬೇಕಾಗಿ ಬಂದರೆ ದರದ ಮೇಲ್‌ನ ವಿಷಯದ ಸಾಲಿನಲ್ಲಿ ಹಾಕುತ್ತೇನೆ. ಅಲ್ಲಿ ‘ಗೋಪ್ಯ’ ಅಂತ ಬರೆದರೆ ಬೆಳೆಗಾರರು ತಪ್ಪು ಅನ್ನುತ್ತಾರಾ? ಸಕಲೇಶಪುರ, ಆಲೂರು ಕಡೆಯವರು ಹೇಳಿ.